ಡಬ್ಬಿ ಕೈಗೆ ಬರುವ ಮೊದಲೇ ಓಟಿಪಿ ಕೇಳಿದರೆ: ಊರಿನ ಮನೆಗೆ ಪಾರ್ಸಲ್ ತರಿಸುವವರಿಗೆ ಸಮಗ್ರ ಮಾರ್ಗದರ್ಶಿ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಹಳ್ಳಿಗಳಲ್ಲಿ ಆನ್‌ಲೈನ್ ಖರೀದಿ ಸಾಮಾನ್ಯವಾಗಿ ನಡೆಯುವುದು ಹೀಗೆ. ಆರ್ಡರ್ ಮಾಡುವವರು ಹೈದರಾಬಾದ್, ಪುಣೆ ಅಥವಾ ಬೆಂಗಳೂರಿನಲ್ಲಿರುವ ಮಗನೋ ಮಗಳೋ. ವಸ್ತು ತಲುಪಬೇಕಾದದ್ದು ಚಿಂಚೋಳಿ, ಔರಾದ್ ಅಥವಾ ಶೋರಾಪುರ ಕಡೆಯ ಮನೆಗೆ. ಓಟಿಪಿ ಬರುವುದು ಒಬ್ಬರ ಫೋನಿಗೆ, ಡಬ್ಬಿ ಬರುವುದು ಇನ್ನೊಬ್ಬರ ಬಾಗಿಲಿಗೆ. ನಡುವೆ ಡೆಲಿವರಿ ಹುಡುಗನ ಕರೆ ಬರುತ್ತದೆ: "ನಿಮ್ದೊಂದು ಪಾರ್ಸಲ್ ಅದರಿ. ಓಟಿಪಿ ಬಂದಿರ್ತದ, ಹೇಳ್ರಿ. ಬಸ್ ಸ್ಟ್ಯಾಂಡ್ ಹತ್ರ ಪಾನ್ ಶಾಪಿನಾಗ ಇಟ್ ಹೋಗ್ತೀನಿ." ಹೀಗೆ ಕೇಳುವವರೆಲ್ಲ ಮೋಸಗಾರರಲ್ಲ, ಹೆಚ್ಚಿನವರು ಪ್ರಾಮಾಣಿಕರೇ. ಆದರೂ ಆ ಹೊತ್ತಿನಲ್ಲಿ ಸಂಖ್ಯೆ ಹೇಳಬಾರದು. ಕಾರಣ ಎರಡು, ಮತ್ತು ಅವು ಬೇರೆ ಬೇರೆ.

ಆ ಸಂಖ್ಯೆ ಏನು ಮಾಡುತ್ತದೆ

ಡೆಲಿವರಿ ಓಟಿಪಿ ಎಂದರೆ ಮನಿಯಾರ್ಡರ್ ಫಾರಂ ಮೇಲೆ ಒತ್ತುವ ಹೆಬ್ಬೆಟ್ಟು ಇದ್ದಂತೆ. ಹುಡುಗ ಅದನ್ನು ತನ್ನ ಆ್ಯಪಿನಲ್ಲಿ ಒತ್ತಿದ ಕ್ಷಣ ಕಂಪನಿಯ ದಾಖಲೆಯಲ್ಲಿ "ಗ್ರಾಹಕರಿಗೆ ತಲುಪಿದೆ" ಎಂದು ಬೀಳುತ್ತದೆ. ಡಬ್ಬಿ ಆಗ ಅವನ ಚೀಲದಲ್ಲಿರಬಹುದು, ಪಾನ್ ಶಾಪಿನಲ್ಲಿರಬಹುದು, ಇಲ್ಲದೆಯೂ ಇರಬಹುದು. ಮುಂದೆ ನೀವು ದೂರು ಕೊಟ್ಟರೆ ಕಂಪನಿ ಮೊದಲು ತೋರಿಸುವ ಸಾಕ್ಷಿ ಇದೇ: ನಿಮ್ಮ ನಂಬರಿಗೆ ಹೋದ ಓಟಿಪಿ ಇಂತಿಷ್ಟು ಗಂಟೆಗೆ ದಾಖಲಾಗಿದೆ. ಇದು ಮೊದಲ ಕಾರಣ.

ಎರಡನೆಯದು, ಕರೆ ಮಾಡಿದವನು ಕೇಳುತ್ತಿರುವುದು ಡೆಲಿವರಿ ಓಟಿಪಿಯೇ ಎಂಬ ಖಾತ್ರಿ ಇಲ್ಲದಿರುವುದು. ಬ್ಯಾಂಕ್, ವಾಟ್ಸ್ಆ್ಯಪ್, ಆಧಾರ್, ಶಾಪಿಂಗ್ ಖಾತೆಯ ಲಾಗಿನ್, ಎಲ್ಲದಕ್ಕೂ ಓಟಿಪಿ ಬರುತ್ತದೆ. "ಮೆಸೇಜ್ ಬಂತಲ್ಲ, ಅದರಾಗಿನ ನಂಬರ್ ಹೇಳ್ರಿ" ಎಂದರೆ ಯಾವ ಮೆಸೇಜ್ ಎಂದು ಹೇಳಿದಂತಾಗಲಿಲ್ಲ.

ನಿಜವಾದ ಹುಡುಗ ಮೊದಲೇ ಯಾಕೆ ಕೇಳುತ್ತಾನೆ ಎಂಬುದನ್ನೂ ತಿಳಿದಿರಬೇಕು, ಆಗ ಜಗಳವಿಲ್ಲದೆ ಉತ್ತರ ಕೊಡಬಹುದು. ಇವರಲ್ಲಿ ಅನೇಕರಿಗೆ ಪಾರ್ಸಲ್ ಲೆಕ್ಕದಲ್ಲಿ ಹಣ. ಒಂದು ಡಬ್ಬಿಗಾಗಿ ತಾಲ್ಲೂಕು ಕೇಂದ್ರದಿಂದ ಹಳ್ಳಿಗೆ ಹೋಗಿ ಬಂದರೆ ಪೆಟ್ರೋಲ್ ಖರ್ಚೂ ಹುಟ್ಟುವುದಿಲ್ಲ. ಹಳ್ಳಿಯೊಳಗೆ ಸಿಗ್ನಲ್ ಸಿಗದಿದ್ದರೆ ಆ್ಯಪ್ ಮುಂದೆ ಹೋಗುವುದಿಲ್ಲ, ಅದಕ್ಕೇ ಸಿಗ್ನಲ್ ಇರುವ ಕಡೆ ನಿಂತು ಮುಂಚೆಯೇ ಓಟಿಪಿ ಕೂಡಿಸಿಕೊಳ್ಳುತ್ತಾನೆ. ಅವನ ಕಷ್ಟ ನಿಜ. ಆದರೆ ಅದಕ್ಕೆ ಪರಿಹಾರ ನಿಮ್ಮ ಸಹಿ ಅಲ್ಲ, ಭೇಟಿಯ ಜಾಗ ಬದಲಿಸುವುದು.

ಹಿಂದಿನ ದಿನದ ತಯಾರಿ

ಆರ್ಡರ್ ಮಾಡಿದವರು ಶಾಪಿಂಗ್ ಆ್ಯಪಿನ ಆರ್ಡರ್ ಪುಟ ತೆರೆದು ಮೂರು ಸಂಗತಿ ನೋಡಿಕೊಳ್ಳಲಿ. ಹಣ ಮುಂಗಡವಾಗಿ ಕಟ್ಟಿದೆಯೇ ಅಥವಾ ಡಬ್ಬಿ ಬಂದಾಗ ಕೊಡಬೇಕೇ? ಈ ಆರ್ಡರಿಗೆ ಓಟಿಪಿ ಇದೆಯೇ? ಎಲ್ಲ ಪಾರ್ಸಲ್‌ಗೂ ಇರುವುದಿಲ್ಲ, ಮೊಬೈಲ್, ಲ್ಯಾಪ್‌ಟಾಪ್‌ನಂಥ ದುಬಾರಿ ಸಾಮಾನಿಗೆ ಹೆಚ್ಚಾಗಿ ಇರುತ್ತದೆ. ಮೂರನೆಯದು, ಡಬ್ಬಿಯನ್ನು ಹುಡುಗನೇ ಎದುರಿಗೆ ಬಿಚ್ಚಿ ತೋರಿಸುವ ಓಪನ್ ಬಾಕ್ಸ್ ಡೆಲಿವರಿಯೇ?

ಆರ್ಡರ್ ಪುಟದಲ್ಲಿ `Out for delivery` ಎಂದು ಬರುವವರೆಗೆ ಓಟಿಪಿ ಕೇಳುವ ಕಾರಣವೇ ಇಲ್ಲ. ಬಂದ ಮೇಲೆ ಹಲವು ಕಂಪನಿಗಳು ಎಸ್ಎಂಎಸ್ ಜೊತೆಗೆ ಆರ್ಡರ್ ಪುಟದಲ್ಲೂ ಓಟಿಪಿ ತೋರಿಸುತ್ತವೆ. ಪುಟದಲ್ಲಿ ಕಾಣುವ ಸಂಖ್ಯೆಯೇ ಹೆಚ್ಚು ನಂಬಿಕೆಯದ್ದು, ಯಾಕೆಂದರೆ ಅದು ಯಾವ ಆರ್ಡರಿಗೆ ಸೇರಿದ್ದು ಎಂಬುದರಲ್ಲಿ ಗೊಂದಲವಿಲ್ಲ. ಒಂದೇ ದಿನ ಎರಡು ಪಾರ್ಸಲ್ ಬರುವುದಿದ್ದರೆ ಎರಡಕ್ಕೂ ಬೇರೆ ಓಟಿಪಿ ಇರಬಹುದು. ಚಾರ್ಜರ್ ಕೈಗೆ ಕೊಟ್ಟು ಮೊಬೈಲಿನ ಓಟಿಪಿ ಪಡೆದರೆ ಮೊಬೈಲ್ "ತಲುಪಿದೆ" ಎಂದಾಗಿಬಿಡುತ್ತದೆ.

ಊರಲ್ಲಿರುವವರಿಗೆ ಫೋನಿನಲ್ಲಿ ಹೇಳಬೇಕಾದದ್ದು ಇಷ್ಟೇ: ನಾಳೆ ಏನು ಬರುತ್ತದೆ, ಡಬ್ಬಿ ಮೇಲೆ ಯಾರ ಹೆಸರಿರುತ್ತದೆ, ಹಣ ಕೊಡಬೇಕೋ ಬೇಡವೋ. ಓಟಿಪಿಯನ್ನು ಮುಂಚೆಯೇ ವಾಟ್ಸ್ಆ್ಯಪಿನಲ್ಲಿ ಕಳಿಸಿಡುವ ರೂಢಿ ಒಳ್ಳೆಯದಲ್ಲ. ಅದು ಕೈಯಲ್ಲಿದ್ದರೆ ಕರೆ ಬಂದ ಕೂಡಲೇ ತಾಯಿ ಓದಿ ಹೇಳಿಬಿಡುತ್ತಾರೆ. ಓಟಿಪಿ ಮಗನ ಬಳಿ, ಡಬ್ಬಿ ತಾಯಿಯ ಮುಂದೆ: ಈ ದೂರವನ್ನು ಜನ ತೊಂದರೆ ಎಂದುಕೊಳ್ಳುತ್ತಾರೆ, ಇದೇ ನಿಜವಾದ ಭದ್ರತೆ.

ಕರೆ ಬಂದಾಗ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮಗ ಹೈದರಾಬಾದಿನಿಂದ 13,999 ರೂಪಾಯಿಯ ಮೊಬೈಲನ್ನು ಮುಂಗಡ ಹಣ ಕಟ್ಟಿ ಚಿಂಚೋಳಿ ತಾಲ್ಲೂಕಿನ ಹಳ್ಳಿಯ ಮನೆಗೆ ತರಿಸಿದ್ದಾನೆ. ವಿಳಾಸದಲ್ಲಿ ತಾಯಿಯ ನಂಬರ್ ಇದೆ, ಹೀಗಾಗಿ ಕರೆ ಅವರಿಗೇ ಬರುತ್ತದೆ. ಅವರ ಉತ್ತರ ಗಟ್ಟಿಯಾಗಿ, ಸಿಟ್ಟಿಲ್ಲದೆ ಇರಬೇಕು: "ಓಟಿಪಿ ನನ್ ಮಗನ ಹತ್ರ ಅದಪ್ಪ. ನೀ ಬಂದು ಡಬ್ಬಿ ಕೈಯಾಗ ಕೊಡು, ಅಲ್ಲೇ ಅವಗ ಫೋನ್ ಹಚ್ಚಿ ಹೇಳಸ್ತೀನಿ."

ಹುಡುಗ ಮಗನಿಗೇ ಕರೆ ಮಾಡಿದರೆ ಅಲ್ಲೂ ಅದೇ ಉತ್ತರ. ಹಳ್ಳಿಯವರೆಗೆ ಬರಲಾಗದು ಎಂದರೆ ಜಾಗದಲ್ಲಿ ರಾಜಿಯಾಗಬಹುದು, ಕ್ರಮದಲ್ಲಿ ಆಗಬಾರದು. ಕ್ರಾಸಿಗೆ ಮನೆಯವರೊಬ್ಬರು ಹೋಗಲಿ. ಯಾರೂ ಇಲ್ಲದಿದ್ದರೆ ಗುರುತಿನ ಕಿರಾಣಿ ಅಂಗಡಿಯವರಿಗೆ ಕೊಡಿಸಬಹುದು. ಆದರೆ ಅಂಗಡಿಯವರು ಡಬ್ಬಿ ಹಿಡಿದು, ಮೇಲಿನ ಹೆಸರಿನ ಚೀಟಿಯ ಫೋಟೋ ವಾಟ್ಸ್ಆ್ಯಪಿಗೆ ಹಾಕಿ, ತಾವೇ ಫೋನ್ ಮಾಡಿದ ಮೇಲೆ ಮಾತ್ರ ಸಂಖ್ಯೆ ಹೇಳಬೇಕು. "ಅಂಗಡ್ಯಾಗ ಇಟ್ಟೀನಿ" ಎಂಬ ಹುಡುಗನ ಮಾತು ಇದಕ್ಕೆ ಸಮವಲ್ಲ. ಓಪನ್ ಬಾಕ್ಸ್ ಸಾಮಾನಿಗೆ ಅಂಗಡಿಯ ದಾರಿ ಬೇಡವೇ ಬೇಡ. ಇನ್ನೊಂದು ದಿನ ಬರಲು ಹೇಳಿ, ಆರ್ಡರ್ ಪುಟದಲ್ಲಿ ದಿನ ಬದಲಿಸುವ ಅವಕಾಶವಿದ್ದರೆ ಅಲ್ಲೇ ಬದಲಿಸಿ.

"ಓಟಿಪಿ ಕೊಡದಿದ್ರ ವಾಪಸ್ ಹೋಗ್ತದ" ಎಂದು ಹೆದರಿಸಿದರೆ ಹೋಗಲಿ ಬಿಡಿ. ಮುಂಗಡ ಹಣ ಕಟ್ಟಿದ ಪಾರ್ಸಲ್ ಮಾರಿದವರಿಗೆ ಮರಳಿದರೆ ಹಣ ವಾಪಸಾಗುತ್ತದೆ. ಓಟಿಪಿ ಕೊಟ್ಟು ಡಬ್ಬಿ ಸಿಗದಿದ್ದರೆ ಅದೇ ಹಣಕ್ಕಾಗಿ ವಾರಗಟ್ಟಲೆ ಬಡಿದಾಡಬೇಕು. ಬಂದೇ ಇಲ್ಲದೆ "ಮನೆ ಬೀಗ ಹಾಕಿತ್ತು" ಎಂದು ಬರೆದುಕೊಂಡಿದ್ದರೆ, ಕರೆಯ ಸಮಯದ ಸ್ಕ್ರೀನ್‌ಶಾಟ್ ಸಹಿತ ಆ್ಯಪಿನಲ್ಲಿ ಅಂದೇ ದೂರು ಹಾಕಿ.

ಸಂದೇಶವನ್ನು ಪೂರ್ತಿ ಓದುವುದು

ಫೋನಿನ ಮೇಲ್ಭಾಗದಲ್ಲಿ ಮಿಂಚಿ ಹೋಗುವ ಪಟ್ಟಿಯಲ್ಲಿ ಸಂಖ್ಯೆಯಷ್ಟೇ ಕಾಣುತ್ತದೆ. ಅಷ್ಟರ ಮೇಲೆ ಎಂದೂ ಹೇಳಬೇಡಿ, ಸಂದೇಶ ತೆರೆದು ಕೊನೆಯವರೆಗೆ ಓದಿ. ಡೆಲಿವರಿಯದ್ದಾದರೆ ನೀವು ಖರೀದಿಸಿದ ಕಂಪನಿಯ ಅಥವಾ ಕೊರಿಯರಿನ ಹೆಸರು, ಆರ್ಡರ್ ಇಲ್ಲವೇ ಪಾರ್ಸಲಿನ ಗುರುತು, ಮತ್ತು `delivery` ಎಂಬ ಪದ ಇರುತ್ತದೆ. `txn`, `debit`, ಕಾರ್ಡಿನ ಕೊನೆಯ ನಾಲ್ಕು ಅಂಕಿ ಕಂಡರೆ ಅದು ಬ್ಯಾಂಕಿನದ್ದು. `login` ಅಥವಾ `reset` ಇದ್ದರೆ ನಿಮ್ಮ ಯಾವುದೋ ಖಾತೆಗೆ ಒಬ್ಬರು ಕೈ ಹಾಕಿದ್ದಾರೆ. `WhatsApp code` ಇದ್ದರೆ ನಿಮ್ಮ ವಾಟ್ಸ್ಆ್ಯಪನ್ನು ಬೇರೆ ಫೋನಿನಲ್ಲಿ ತೆರೆಯಲು ಹೊರಟಿದ್ದಾರೆ. ಸಂದೇಶ ಬಂದದ್ದು ಹತ್ತಂಕಿಯ ಸಾದಾ ಮೊಬೈಲ್ ನಂಬರಿನಿಂದಾದರೆ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ಕಂಪನಿಗಳ ಎಸ್ಎಂಎಸ್ ಅಕ್ಷರಗಳ ಹೆಸರಿನಿಂದ ಬರುತ್ತದೆ. ಆದರೆ ಅಕ್ಷರದ ಹೆಸರಿದ್ದ ಮಾತ್ರಕ್ಕೆ ನಿಶ್ಚಿಂತೆ ಬೇಡ. ಕಳ್ಳ ನಿಮ್ಮ ಕಾರ್ಡಿನಲ್ಲಿ ಖರೀದಿಗೆ ಹೊರಟಾಗ ಓಟಿಪಿ ಕಳಿಸುವುದು ನಿಜವಾದ ಬ್ಯಾಂಕೇ.

ಹೆಚ್ಚು ಜನ ಬೀಳುವ ಬಲೆ ರದ್ದತಿಯದ್ದು. "ನಿಮ್ಮ ಹೆಸರಿಗೆ ಪಾರ್ಸಲ್ ಬಂದದ, 2,400 ರೂಪಾಯಿ ಕೊಡಬೇಕು" ಎನ್ನುತ್ತಾನೆ. ನೀವು ಏನೂ ತರಿಸಿಲ್ಲ ಎನ್ನುತ್ತೀರಿ. "ಹಂಗಾದ್ರ ಕ್ಯಾನ್ಸಲ್ ಮಾಡ್ತೀನಿ, ಓಟಿಪಿ ಬರ್ತದ, ಹೇಳ್ರಿ" ಎಂದು ಬಹಳ ಸಜ್ಜನನಂತೆ ಮುಂದುವರಿಯುತ್ತಾನೆ. ನೀವು ಮಾಡದ ಆರ್ಡರನ್ನು ರದ್ದು ಮಾಡಲು ನಿಮ್ಮ ಓಟಿಪಿ ಬೇಕಾಗುವುದಿಲ್ಲ. "ಬೇಡ, ವಾಪಸ್ ಒಯ್ಯಿರಿ" ಎಂದು ಫೋನ್ ಇಡಿ.

ನಿಮ್ಮದೇ ಆರ್ಡರನ್ನು ಬಾಗಿಲಲ್ಲಿ ಬೇಡವೆಂದಾಗ ಕೆಲವು ಕಂಪನಿಗಳು ಅದಕ್ಕೂ ಕೋಡ್ ಕಳಿಸುವುದುಂಟು. ಆಗ ಸಂದೇಶದಲ್ಲಿ ತಿರಸ್ಕಾರ ಅಥವಾ ರದ್ದತಿ ಎಂದೇ ಇರುತ್ತದೆ. ಬೆಳಿಗ್ಗೆ ಬಂದ ಡೆಲಿವರಿ ಓಟಿಪಿಯನ್ನು "ವಾಪಸ್ ಮಾಡೋಕೆ" ಎಂದು ಕೇಳಿದರೆ ಕೊಡಬೇಡಿ. ಡಬ್ಬಿ ಅವನ ಬಳಿ ಉಳಿಯುತ್ತದೆ, ದಾಖಲೆಯಲ್ಲಿ ನಿಮಗೆ ತಲುಪಿರುತ್ತದೆ.

ಇನ್ನೊಂದು ಬಗೆಯಲ್ಲಿ ಓಟಿಪಿ ಕೇಳುವುದೇ ಇಲ್ಲ. "ಹುಡುಗನ ಜೊತೆ ಮಾತಾಡಲು ಈ ನಂಬರ್ ಒತ್ತಿ" ಎಂದು `*` ಅಥವಾ `**` ದಿಂದ ಶುರುವಾಗಿ, ನಡುವೆ ಒಂದು ಮೊಬೈಲ್ ನಂಬರ್ ಇದ್ದು, `#` ನಿಂದ ಮುಗಿಯುವ ಸಾಲನ್ನು ಕಳಿಸುತ್ತಾರೆ. ಅದನ್ನು ಒತ್ತಿದರೆ ನಿಮಗೆ ಬರುವ ಕರೆಗಳು ಅವರ ಫೋನಿಗೆ ತಿರುಗಬಹುದು. ಕರೆಯ ಮೂಲಕ ಹೇಳುವ ಓಟಿಪಿಗಳು ಅವರಿಗೇ ಕೇಳಿಸುತ್ತವೆ. ಒತ್ತಿಬಿಟ್ಟಿದ್ದರೆ ಸ್ಥಿತಿ ನೋಡಲು ಮೊದಲನೆಯದನ್ನು, ಎಲ್ಲ ತಿರುವುಗಳನ್ನು ರದ್ದು ಮಾಡಲು ಎರಡನೆಯದನ್ನು ಡಯಲ್ ಮಾಡಿ:

```
*#21#
##002#
```

ಹಾಗೆಯೇ "ಪಾರ್ಸಲ್ ಎಲ್ಲಿದೆ ನೋಡಿ" ಎಂದು ವಾಟ್ಸ್ಆ್ಯಪಿನಲ್ಲಿ ಬರುವ, ಹೆಸರಿನ ಕೊನೆಗೆ `.apk` ಇರುವ ಕಡತವನ್ನು ತೆರೆಯಬೇಡಿ. ಅದು ಫೋನಿನಲ್ಲಿ ಕೂತು ನಿಮ್ಮ ಎಸ್ಎಂಎಸ್‌ಗಳನ್ನು ತಾನೇ ಓದಿಕೊಳ್ಳಬಲ್ಲದು.

ಬಾಗಿಲಲ್ಲಿ

ಹುಡುಗ ಬಂದ. ತಾಯಿ ಮಗನಿಗೆ ವಿಡಿಯೋ ಕರೆ ಮಾಡಿ, ಫೋನನ್ನು ಪಕ್ಕದವರ ಕೈಗೆ ಕೊಟ್ಟು, ಡಬ್ಬಿಯನ್ನು ತಮ್ಮ ಕೈಯಲ್ಲಿ ತೆಗೆದುಕೊಳ್ಳಲಿ. ಸಿಗ್ನಲ್ ಸಾಲದಿದ್ದರೆ ವಿಡಿಯೋ ಮಾಡಿಟ್ಟುಕೊಂಡು ಸಾದಾ ಕರೆ ಮಾಡಿದರೂ ನಡೆಯುತ್ತದೆ. ಮೊದಲು ಚೀಟಿ: ಹೆಸರು, ಊರು, ಆರ್ಡರ್ ಸಂಖ್ಯೆ. ಆಮೇಲೆ ಟೇಪು: ಕಂಪನಿಯ ಮುದ್ರೆಯ ಟೇಪಿನ ಮೇಲೆ ಸಾದಾ ಕಂದು ಟೇಪು ಸುತ್ತಿದ್ದರೆ, ಅಂಚು ಹರಿದು ಮತ್ತೆ ಅಂಟಿಸಿದ್ದರೆ, ಅದನ್ನು ವಿಡಿಯೋದಲ್ಲಿ ಹತ್ತಿರದಿಂದ ತೋರಿಸಿ. ಅನುಮಾನ ಬಲವಾಗಿದ್ದರೆ ತೆಗೆದುಕೊಳ್ಳುವುದೇ ಬೇಡ.

ಓಪನ್ ಬಾಕ್ಸ್ ಆಗಿದ್ದರೆ ಬಿಚ್ಚುವುದು ಹುಡುಗನ ಕೆಲಸ, ಓಟಿಪಿ ಅದರ ನಂತರದ್ದು. "ಮೊದ್ಲ ಓಟಿಪಿ ಹಾಕಿದ್ರನ ಡಬ್ಬಿ ಬಿಚ್ಚಾಕ ಬರ್ತದ" ಎಂಬ ಮಾತು ಒಪ್ಪಬೇಡಿ. ನೋಡಿ ಒಪ್ಪಿದ ಮೇಲೆ ಓಟಿಪಿ ಎಂಬುದೇ ಈ ವ್ಯವಸ್ಥೆಯ ತಿರುಳು. ಮೊಬೈಲ್ ಆದರೆ ಬಣ್ಣ ಮತ್ತು ಮಾದರಿ ನೋಡಿ, ಗಾಜು ಒಡೆದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಫೋನ್ ಚಾಲೂ ಮಾಡಲು ಬಿಟ್ಟರೆ ತುರ್ತು ಕರೆಯ ಪರದೆಯಲ್ಲಿ `*#06#` ಒತ್ತಿ. ಬರುವ 15 ಅಂಕಿಯ ಐಎಂಇಐ ಸಂಖ್ಯೆ ಡಬ್ಬಿಯ ಚೀಟಿಯಲ್ಲಿರುವುದಕ್ಕೆ ಹೊಂದಬೇಕು. ಹೊಂದದಿದ್ದರೆ ಬೇರೆ ಫೋನ್ ತುಂಬಿದ್ದಾರೆ ಎಂದರ್ಥ.

ಓಪನ್ ಬಾಕ್ಸ್ ಅಲ್ಲದಿದ್ದರೆ ಬಿಚ್ಚಿ ತೋರಿಸು ಎಂದು ಹುಡುಗನನ್ನು ಒತ್ತಾಯಿಸಿ ಪ್ರಯೋಜನವಿಲ್ಲ, ಅವನಿಗೆ ಆ ಅಧಿಕಾರವಿರುವುದಿಲ್ಲ. ಚೀಟಿ ಮತ್ತು ಟೇಪು ಸರಿಯಿದ್ದರೆ ಡಬ್ಬಿ ತೆಗೆದುಕೊಂಡು ಸಂಖ್ಯೆ ಹೇಳಿ, ನಂತರ ಬಿಚ್ಚುವುದನ್ನು ಕತ್ತರಿಸದೆ ಒಂದೇ ವಿಡಿಯೋದಲ್ಲಿ ಹಿಡಿಯಿರಿ. ಆರು ಮುಖಗಳನ್ನೂ ತೋರಿಸಿ, ಚೀಟಿ ಓದುವಂತೆ ಹಿಡಿದು, ಆಮೇಲೆ ಕತ್ತರಿ ಹಾಕಿ. ಮೊಬೈಲಿನ ಬದಲು ಸೋಪು ಬಂದ ದೂರಿನಲ್ಲಿ ಈ ವಿಡಿಯೋ ಬಿಟ್ಟರೆ ನಿಮ್ಮ ಕೈಯಲ್ಲಿ ಬೇರೇನೂ ಇರುವುದಿಲ್ಲ.

ಈಗ ಮಗ ಆರ್ಡರ್ ಪುಟದ ಸಂಖ್ಯೆಯನ್ನು ತಾಯಿಗೆ ಹೇಳುತ್ತಾನೆ, ತಾಯಿ ಹುಡುಗನಿಗೆ. ಒಂದೆರಡು ನಿಮಿಷದಲ್ಲಿ ಪುಟದಲ್ಲಿ `Delivered` ಬರಬೇಕು. ಡೆಲಿವರಿ ಓಟಿಪಿ ಹೇಳಿದ ಮೇಲೆ "ಇನ್ನೊಂದು ಬಂದದ, ಅದೂ ಹೇಳ್ರಿ" ಎಂದರೆ ಎರಡನೆಯದನ್ನು ಹೊಸದಾಗಿ, ಪೂರ್ತಿ ಓದಿ. ಹಣ ಕೊಡುವ ಪಾರ್ಸಲ್ ಆದರೆ ಹುಡುಗ ತೋರಿಸುವ ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಕಾಣುವ ಹೆಸರು ಮತ್ತು ಮೊತ್ತ ನೋಡಿ ಪಾವತಿಸಿ. ಹಣ ವಾಪಸ್ ಬರಲು ಯುಪಿಐ ಪಿನ್ ಒತ್ತಬೇಕು ಎಂದರೆ ಅದು ಸುಳ್ಳು.

ಸಂದೇಶವೇ ಬರದಿದ್ದರೆ ಗಾಬರಿ ಬೇಡ. ರೀಚಾರ್ಜ್ ಅವಧಿ ಮುಗಿದಿದೆಯೇ, ಸಂದೇಶಗಳ ಸ್ಪ್ಯಾಮ್ ವಿಭಾಗಕ್ಕೆ ಹೋಗಿದೆಯೇ, ಖಾತೆಯಲ್ಲಿ ಹಳೆಯ ನಂಬರ್ ಉಳಿದಿದೆಯೇ ನೋಡಿ. ಹುಡುಗ ತನ್ನ ಆ್ಯಪಿನಿಂದ ಮತ್ತೊಮ್ಮೆ ಕಳಿಸಬಹುದು. ಹಲವು ಬಂದಿದ್ದರೆ ಕೊನೆಯದ್ದು ನಡೆಯುತ್ತದೆ. ಓಟಿಪಿ ಬದಲಿಗೆ ಆಧಾರ್ ನಂಬರೋ ಕಾರ್ಡ್ ನಂಬರೋ ಕೇಳಿದರೆ ಕೊಡುವಂತಿಲ್ಲ.

ಡೆಲಿವರಿ ಓಟಿಪಿ ಕೊಟ್ಟಾಗಿದೆ, ಡಬ್ಬಿ ಇಲ್ಲ

ಮೊದಲು ಹುಡುಗನಿಗೇ ಕರೆ ಮಾಡಿ. ಸಂಜೆಯ ಹೊತ್ತಿಗೆ ತಂದುಕೊಡುವವರೂ ಇದ್ದಾರೆ. ಆದರೆ ಅವನ ಭರವಸೆ ನಂಬಿ ಎರಡು ದಿನ ಕಾಯಬೇಡಿ. ಅದೇ ದಿನ ಆ್ಯಪಿನ ಒಳಗಿನಿಂದಲೇ "ತಲುಪಿದೆ ಎಂದಿದೆ, ಆದರೆ ಸಿಕ್ಕಿಲ್ಲ" ಎಂಬ ದೂರು ಹಾಕಿ. ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಬೇಡಿ, ಅಲ್ಲಿ ಕಳ್ಳರು ಹಾಕಿದ ನಂಬರುಗಳೂ ಇರುತ್ತವೆ. ದೂರಿನಲ್ಲಿ ಕಥೆ ಬೇಡ, ಸಮಯ ಬೇಕು: ಇಂತಿಷ್ಟಕ್ಕೆ ಈ ನಂಬರಿನಿಂದ ಕರೆ ಬಂತು, ಫೋನಿನಲ್ಲೇ ಓಟಿಪಿ ಪಡೆದರು, ಆಗ ಯಾರೂ ವಿಳಾಸಕ್ಕೆ ಬಂದಿರಲಿಲ್ಲ. ಓಟಿಪಿ ದಾಖಲಾದ ಸಮಯ, ಆಗ ಹುಡುಗ ಇದ್ದ ಸ್ಥಳ ಮತ್ತು ತಲುಪಿಸಿದ ಪುರಾವೆ ಕೊಡಿ ಎಂದು ಬರವಣಿಗೆಯಲ್ಲಿ ಕೇಳಿ. ಹಳ್ಳಿಯಿಂದ ಹತ್ತಾರು ಕಿಲೋಮೀಟರ್ ದೂರದಲ್ಲಿ ಒತ್ತಿದ್ದಾನೆ ಎಂದು ಕಂಡರೆ ನಿಮ್ಮ ಪಕ್ಷ ಗಟ್ಟಿಯಾಗುತ್ತದೆ.

2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಕಂಪನಿಯ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದ್ದನ್ನು ಖಚಿತಪಡಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. "ಓಟಿಪಿ ಬಿದ್ದಿದೆ, ಮುಗಿಯಿತು" ಎಂಬ ಉತ್ತರ ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಕಂಪನಿ ಬೆಂಗಳೂರಿನಲ್ಲಿದ್ದರೂ ಸರಿ. ಕೊಟ್ಟ ಬೆಲೆ ಐದು ಲಕ್ಷ ರೂಪಾಯಿಯವರೆಗೆ ಇದ್ದರೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಹಾಕಬೇಕು.

ಕೊಟ್ಟದ್ದು ಬ್ಯಾಂಕಿನ ಓಟಿಪಿ ಎಂದು ಗೊತ್ತಾದರೆ

ಇಲ್ಲಿ ಲೆಕ್ಕ ನಿಮಿಷದ್ದು. ಮೊದಲ ಕರೆ ರಾಷ್ಟ್ರೀಯ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟುತ್ತಿರುವಾಗ ಅದನ್ನು ತಡೆಹಿಡಿಸುವ ದಾರಿ ಇದು. ಹಣ ಹೋದ ಸಂದೇಶದಲ್ಲಿರುವ ವಹಿವಾಟಿನ ಸಂಖ್ಯೆ, ಮೊತ್ತ ಮತ್ತು ಸಮಯ ಕೈಯಲ್ಲಿರಲಿ. ಮನೆಯಲ್ಲಿ ಇನ್ನೊಬ್ಬರಿದ್ದರೆ ಅದೇ ಹೊತ್ತಿಗೆ ಕಾರ್ಡಿನ ಹಿಂಬದಿಯ ನಂಬರಿಗೆ ಕರೆ ಮಾಡಿ ಕಾರ್ಡ್ ಮತ್ತು ಯುಪಿಐ ನಿಲ್ಲಿಸಲಿ. ನಂತರ `cybercrime.gov.in` ನಲ್ಲಿ ದೂರು ದಾಖಲಿಸಿ, ಅದರ ಸಂಖ್ಯೆಯೊಂದಿಗೆ ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ. ಹತ್ತಿರದ ಠಾಣೆಯಲ್ಲೂ ದೂರು ಕೊಡಬಹುದು.

ನಾನೇ ಹೇಳಿದ್ದು, ಇನ್ನೇನು ಬ್ಯಾಂಕಿಗೆ ಹೇಳುವುದು ಎಂದು ನಾಚಿ ಕೂರಬೇಡಿ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ತಂದ ನಿಯಮದಂತೆ, ಗ್ರಾಹಕ ತಾನೇ ಓಟಿಪಿ ಹಂಚಿಕೊಂಡಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವನದು, ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು. ಹಾಗಾಗಿ ಕರೆಯ ಸಮಯ ಮತ್ತು ಬ್ಯಾಂಕ್ ಕೊಟ್ಟ ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಹೋದದ್ದು ವಾಟ್ಸ್ಆ್ಯಪ್ ಕೋಡ್ ಆಗಿದ್ದರೆ ನಿಮ್ಮ ಫೋನಿನಲ್ಲಿ ಅದೇ ನಂಬರಿನಿಂದ ವಾಟ್ಸ್ಆ್ಯಪ್ ಮತ್ತೆ ನೋಂದಾಯಿಸಿ, ಕಳ್ಳನ ಫೋನಿನಲ್ಲಿ ಅದು ಮುಚ್ಚಿಕೊಳ್ಳುತ್ತದೆ. ಅಷ್ಟರಲ್ಲಿ ನಿಮ್ಮ ಹೆಸರಿನಿಂದ ಹಣ ಕೇಳಿರಬಹುದು, ಬಂಧುಗಳಿಗೆ ಕರೆ ಮಾಡಿ ತಿಳಿಸಿ. ಹಣವೇನೂ ಹೋಗದೆ ಬರೀ ಅನುಮಾನದ ಕರೆ ಬಂದಿದ್ದರೆ ಆ ನಂಬರನ್ನು `sancharsaathi.gov.in` ನ ಚಕ್ಷು ವಿಭಾಗದಲ್ಲಿ ವರದಿ ಮಾಡಬಹುದು.